ಒಂದು ಮಿಲಿಮೀಟರ್ ಊತ, ಒಂಬತ್ತು ತಿಂಗಳ ಮಗುವಿನ ಉಸಿರು

ಉಡುಪಿಯಲ್ಲಿ ಮಳೆಗಾಲ ಹಿಂದೆ ಸರಿಯುತ್ತಿದ್ದ ದಿನಗಳಲ್ಲಿ ನನ್ನ ತಂಗಿಯ ಮನೆಯಲ್ಲಿ ಮೊದಲು ಶೀತ ಹಿಡಿದದ್ದು ಅವಳ ಗಂಡನಿಗೆ. ಅವರ ಗಂಟಲು ಕಟ್ಟಿ ಸ್ವರ ಒಡೆದಿತ್ತು, ಆದರೂ ರಜೆ ಹಾಕದೆ ದಿನವೂ ಕೆಲಸಕ್ಕೆ ಹೋಗಿ ಬರುತ್ತಿದ್ದರು. ಆಮೇಲೆ ಒಂಬತ್ತು ತಿಂಗಳ ಮಗುವಿಗೂ ಶೀತವಾಯಿತು. ಹಗಲಿಡೀ ಮೂಗು ಸೋರುತ್ತಿತ್ತು, ಸಣ್ಣ ಜ್ವರವಿತ್ತು, ಬೇರೆ ತೊಂದರೆ ಕಾಣಲಿಲ್ಲ. ನಡುರಾತ್ರಿ ಕಳೆದ ಮೇಲೆ ಮಗು ಎಚ್ಚರಗೊಂಡು ಕೆಮ್ಮಿದಾಗ ಆ ಕೆಮ್ಮು ನಾಯಿ ಬೊಗಳಿದಂತೆ ಒರಟಾಗಿತ್ತು, ಮತ್ತು ಉಸಿರನ್ನು ಒಳಗೆ ಎಳೆದುಕೊಳ್ಳುವ ಪ್ರತಿ ಸಲವೂ ಗಂಟಲಿನಿಂದ ಕರ್ಕಶವಾದ ಸದ್ದು ಬರುತ್ತಿತ್ತು. ಹತ್ತಿರದಲ್ಲೇ ಇರುವ ನನಗೆ ತಂಗಿ ಫೋನು ಮಾಡಿ, "ಅಕ್ಕ, ಮಗುವಿಗೆ ಉಸಿರು ತೆಗೆಯಲಿಕ್ಕೆ ಕಷ್ಟ ಆಗ್ತಾ ಉಂಟು, ಬೇಗ ಬಾ" ಎಂದಳು. ನಾವು ಹೊತ್ತು ಕಳೆಯದೆ ಆಸ್ಪತ್ರೆಗೆ ಹೊರಟೆವು.

ಅಲ್ಲಿನ ಮಕ್ಕಳ ವೈದ್ಯರು ಮಗುವನ್ನು ಮಂಚದ ಮೇಲೆ ಮಲಗಿಸಲು ಹೇಳಲಿಲ್ಲ, ಬಾಯಿಗೆ ಚಮಚ ಹಾಕಿ ಗಂಟಲನ್ನೂ ನೋಡಲಿಲ್ಲ. "ನಿಮ್ಮ ಮಡಿಲಲ್ಲೇ ಇರಲಿ ಅಮ್ಮ, ಅವನನ್ನು ಅಳಿಸುವುದು ಬೇಡ" ಎಂದು ತಂಗಿಗೆ ಹೇಳಿ, ಅಂಗಿಯನ್ನು ಮೇಲೆತ್ತಿಸಿ, ಸ್ವಲ್ಪ ದೂರದಲ್ಲಿ ನಿಂತು ಎದೆಯ ಚಲನೆಯನ್ನಷ್ಟೇ ಗಮನಿಸಿದರು. ಉಸಿರೆಳೆಯುವಾಗ ಕತ್ತಿನ ಬುಡದಲ್ಲಿ ಗುಳಿ ಬೀಳುತ್ತಿತ್ತು, ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಸೆಳೆಯುತ್ತಿತ್ತು. ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರಿನಲ್ಲಿ 97 ಎಂದು ಕಂಡಾಗ ತಂಗಿಯ ಗಂಡ ನೆಮ್ಮದಿಯ ಉಸಿರು ಬಿಟ್ಟರು. ಆದರೆ ವೈದ್ಯರು, "ಈ ಕಾಯಿಲೆಯಲ್ಲಿ ಆ ಅಂಕಿ ಕೊನೆಗೆ ಇಳಿಯುವುದು, ಅದನ್ನು ನಂಬಿ ಕೂರುವ ಹಾಗಿಲ್ಲ, ಎದೆಯನ್ನು ನೋಡಬೇಕು" ಎಂದರು. ಕಾಯಿಲೆಯ ಹೆಸರು ಕ್ರೂಪ್. ಧ್ವನಿಪೆಟ್ಟಿಗೆ ಮತ್ತು ಅದರ ಕೆಳಗಿನ ಶ್ವಾಸನಾಳದ ಒಳಪೊರೆ ವೈರಸ್ ಸೋಂಕಿನಿಂದ ಊದಿಕೊಳ್ಳುವ ಈ ಕಾಯಿಲೆ ಹೆಚ್ಚಾಗಿ ಆರು ತಿಂಗಳಿಂದ ಮೂರು ವರ್ಷದೊಳಗಿನ ಮಕ್ಕಳಲ್ಲಿ ಕಾಣಿಸುತ್ತದೆ. ಬಹಳಷ್ಟು ಸಲ ಅದಕ್ಕೆ ಕಾರಣ ಪ್ಯಾರಾಇನ್‌ಫ್ಲುಯೆಂಜಾ ಎಂಬ ವೈರಸ್ ಗುಂಪು.

"ನನಗೂ ಇದೇ ಶೀತ ಆಗಿತ್ತಲ್ಲ ಡಾಕ್ಟ್ರೇ, ನನಗೆ ಬರೀ ಗಂಟಲು ಕಟ್ಟಿದ್ದು" ಎಂದು ಮಗುವಿನ ತಂದೆ ಕೇಳಿದರು. ವೈದ್ಯರು, "ವೈರಸ್ ಅದೇ ಇರಬಹುದು, ಊತವೂ ಅಷ್ಟೇ ಇರಬಹುದು, ಕೊಳವೆ ಮಾತ್ರ ಅಷ್ಟೇ ಅಲ್ಲ" ಎಂದು ಉತ್ತರಿಸಿದರು. ಭೌತಶಾಸ್ತ್ರ ಪಾಠ ಮಾಡುವ ನನಗೆ ಆ ಮಾತಿನ ಹಿಂದಿರುವ ಲೆಕ್ಕ ತಟ್ಟನೆ ಹೊಳೆಯಿತು. ಪ್ರತಿ ವರ್ಷ ಕರಿಹಲಗೆಯ ಮೇಲೆ ಬರೆಯುವ ಪಾಯ್ಸ್ಯೂಲ್ ಸೂತ್ರವೇ ಅದು, ಮತ್ತು ಪಾಯ್ಸ್ಯೂಲ್ ಸ್ವತಃ ರಕ್ತದ ಹರಿವನ್ನು ಅರಿಯಲು ಹೊರಟ ಫ್ರಾನ್ಸಿನ ವೈದ್ಯ.

R = 8ηL / (πr⁴)

ಇಲ್ಲಿ R ಎಂದರೆ ಕೊಳವೆಯು ಹರಿವಿಗೆ ಒಡ್ಡುವ ಪ್ರತಿರೋಧ, η ಎಂದರೆ ಗಾಳಿಯ ಸ್ನಿಗ್ಧತೆ, L ಎಂದರೆ ಕೊಳವೆಯ ಉದ್ದ, r ಎಂದರೆ ಅದರ ತ್ರಿಜ್ಯ. ಉದ್ದ ಎರಡರಷ್ಟಾದರೆ ಪ್ರತಿರೋಧವೂ ಎರಡರಷ್ಟಾಗುತ್ತದೆ, ಅಷ್ಟೇ. ತ್ರಿಜ್ಯ ಅರ್ಧವಾದರೆ ಮಾತ್ರ ಪ್ರತಿರೋಧ ಎರಡರ ನಾಲ್ಕನೇ ಘಾತದಷ್ಟು, ಅಂದರೆ 16 ಪಟ್ಟು ಆಗುತ್ತದೆ.

ಹಸುಳೆಯ ಶ್ವಾಸಮಾರ್ಗದಲ್ಲಿ ಧ್ವನಿತಂತುಗಳ ಕೆಳಗಿನ ಭಾಗದ ವ್ಯಾಸ ಸುಮಾರು 4 ಮಿಲಿಮೀಟರ್, ಅಂದರೆ ತ್ರಿಜ್ಯ 2 ಮಿಲಿಮೀಟರ್. ಅಲ್ಲಿನ ಒಳಪೊರೆ ಸುತ್ತಲೂ 1 ಮಿಲಿಮೀಟರ್ ಊದಿಕೊಂಡರೆ ತ್ರಿಜ್ಯ 1 ಮಿಲಿಮೀಟರಿಗೆ ಇಳಿಯುತ್ತದೆ, ಗಾಳಿ ಹಾಯುವ ಜಾಗ ಕಾಲು ಭಾಗ ಮಾತ್ರ ಉಳಿಯುತ್ತದೆ, ಆ ತುಂಡಿನ ಪ್ರತಿರೋಧ 16 ಪಟ್ಟಾಗುತ್ತದೆ. ದೊಡ್ಡವರಿಗೆ ಪಠ್ಯಪುಸ್ತಕಗಳು ಲೆಕ್ಕದ ಅನುಕೂಲಕ್ಕಾಗಿ 8 ಮಿಲಿಮೀಟರ್ ವ್ಯಾಸವನ್ನು ಹಿಡಿಯುವುದುಂಟು. ಅಲ್ಲಿ ಅದೇ 1 ಮಿಲಿಮೀಟರ್ ಊತದಿಂದ ತ್ರಿಜ್ಯ 4ರಿಂದ 3ಕ್ಕೆ ಇಳಿದು ಪ್ರತಿರೋಧ ಸುಮಾರು 3.2 ಪಟ್ಟಾಗುತ್ತದೆ. ವಾಸ್ತವದಲ್ಲಿ ವಯಸ್ಕರ ಶ್ವಾಸನಾಳ ಇದಕ್ಕಿಂತಲೂ ಅಗಲವಾದ್ದರಿಂದ ಅವರಿಗೆ ಆಗುವ ಅಡ್ಡಿ ಇನ್ನೂ ಕಡಿಮೆ. ತಂದೆಗೆ ಸ್ವರ ಮಾತ್ರ ಒಡೆದು, ಮಗುವಿನ ಎದೆ ಒಳಕ್ಕೆ ಸೆಳೆಯುತ್ತಿದ್ದುದಕ್ಕೆ ಈ ನಾಲ್ಕನೇ ಘಾತವೇ ಮುಖ್ಯ ಕಾರಣ.

ಇದನ್ನು ಓದಿ ಮಗುವಿನ ಉಸಿರಾಟವೇ 16 ಪಟ್ಟು ಕಷ್ಟವಾಯಿತೆಂದು ತಿಳಿಯಬಾರದು. ಮೂಗಿನಿಂದ ಹಿಡಿದು ಶ್ವಾಸಕೋಶದ ತುದಿಯವರೆಗೆ ಇರುವ ಒಟ್ಟು ಪ್ರತಿರೋಧದಲ್ಲಿ ಈ ಚಿಕ್ಕ ತುಂಡಿನದು ಒಂದು ಪಾಲು ಮಾತ್ರ. ಆದರೆ ಗಾಳಿ ಬೇರೆ ದಾರಿಯಿಂದ ಹೋಗುವಂತಿಲ್ಲ, ಅಷ್ಟೂ ಗಾಳಿ ಇದೇ ಇಕ್ಕಟ್ಟಿನಲ್ಲಿ ಹಾಯಬೇಕು. ಊತ ಹೊರಗೆ ಹಿಗ್ಗಲೂ ಅಲ್ಲಿ ಅವಕಾಶವಿಲ್ಲ. ಶ್ವಾಸನಾಳದ ಉಳಿದ ಮೃದ್ವಸ್ಥಿಗಳು ಹಿಂಬದಿಯಲ್ಲಿ ತೆರೆದುಕೊಂಡಿವೆ, ಧ್ವನಿಪೆಟ್ಟಿಗೆಯ ಬುಡದ ಕ್ರಿಕಾಯ್ಡ್ ಮೃದ್ವಸ್ಥಿಯೊಂದು ಪೂರ್ಣ ಉಂಗುರ. ಉಂಗುರದೊಳಗಿನ ಪೊರೆ ಊದಿದರೆ ಒಳಮುಖವಾಗಿಯೇ ಊದಬೇಕು.

ಇನ್ನು ಎದೆ ಒಳಕ್ಕೆ ಸೆಳೆಯುವುದು ಏಕೆ? ಪ್ರತಿರೋಧ ಹೆಚ್ಚಿದಾಗ ಅಷ್ಟೇ ಗಾಳಿಯನ್ನು ಅಷ್ಟೇ ಹೊತ್ತಿನಲ್ಲಿ ಎಳೆದುಕೊಳ್ಳಲು, ಎದೆಗೂ ಹೊಟ್ಟೆಗೂ ನಡುವೆ ಇರುವ ಉಸಿರಾಟದ ಸ್ನಾಯುವಾದ ವಪೆಯು ಎದೆಯೊಳಗೆ ಹೆಚ್ಚಿನ ನಿರ್ವಾತ ಒತ್ತಡವನ್ನು ಉಂಟುಮಾಡಬೇಕು. ದೊಡ್ಡವರ ಗಟ್ಟಿ ಪಕ್ಕೆಲುಬುಗಳು ಅದನ್ನು ತಡೆದುಕೊಳ್ಳುತ್ತವೆ. ಹಸುಳೆಯ ಎದೆಗೂಡು ಇನ್ನೂ ಮೆತ್ತಗಿರುವುದರಿಂದ ವಪೆಯ ಶ್ರಮದ ಒಂದು ಭಾಗ ಗಾಳಿಯನ್ನು ತರುವ ಬದಲು ಎದೆಯ ಗೋಡೆಯನ್ನೇ ಒಳಗೆಳೆಯುವುದರಲ್ಲಿ ವ್ಯರ್ಥವಾಗುತ್ತದೆ. ಕತ್ತಿನ ಭಾಗದ ಶ್ವಾಸನಾಳಕ್ಕೆ ಇನ್ನೊಂದು ಕಷ್ಟವೂ ಇದೆ. ನೆನೆದು ಮೆತ್ತಗಾದ ಕಾಗದದ ನಳಿಗೆಯಲ್ಲಿ ಬೊಂಡದ ನೀರನ್ನು ಜೋರಾಗಿ ಎಳೆದರೆ ನಳಿಗೆಯೇ ಚಪ್ಪಟೆಯಾಗುವಂತೆ, ಇಕ್ಕಟ್ಟಿನ ಮುಂದಿನ ಮೃದುವಾದ ನಾಳವು ಒಳಗಿನ ಒತ್ತಡ ಕುಸಿದಾಗ ಇನ್ನಷ್ಟು ಕಿರಿದಾಗುತ್ತದೆ. ಕ್ರೂಪಿನ ಕರ್ಕಶ ಸದ್ದು ಉಸಿರು ಒಳಗೆ ಹೋಗುವಾಗಲೇ ಕೇಳಿಸುವುದು ಇದರಿಂದಾಗಿ.

ವೈದ್ಯರು ಮಗುವನ್ನು ಅಳಿಸಬೇಡಿ ಎಂದದ್ದರ ಅರ್ಥವೂ ಇಲ್ಲೇ ಇದೆ. ಪಾಯ್ಸ್ಯೂಲ್ ಸೂತ್ರ ಹೊಂದುವುದು ಗಾಳಿ ಪದರಪದರವಾಗಿ ಶಾಂತವಾಗಿ ಹರಿಯುವಾಗ ಮಾತ್ರ. ಅಳುವ ಮಗು ಗಾಳಿಯನ್ನು ರಭಸದಿಂದ ಎಳೆಯುತ್ತದೆ, ಇಕ್ಕಟ್ಟಿನಲ್ಲಿ ಹರಿವು ಪ್ರಕ್ಷುಬ್ಧವಾಗುತ್ತದೆ. ಆಗ ಪ್ರತಿರೋಧವು ತ್ರಿಜ್ಯದ ಸುಮಾರು ಐದನೇ ಘಾತವನ್ನು ಅನುಸರಿಸುವುದರಿಂದ 16ರ ಜಾಗದಲ್ಲಿ 32 ಬಂದು ಕೂರುತ್ತದೆ. ಅಷ್ಟೇ ಅಲ್ಲ, ಪ್ರಕ್ಷುಬ್ಧ ಹರಿವಿನಲ್ಲಿ ಬೇಕಾಗುವ ಒತ್ತಡ ಹರಿವಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ, ಗಾಳಿಯ ಹರಿವು ಎರಡರಷ್ಟಾದರೆ ಶ್ರಮ ನಾಲ್ಕರಷ್ಟಾಗುತ್ತದೆ. ತಾಯಿಯ ಮಡಿಲಲ್ಲಿ ಮಗುವನ್ನು ಸುಮ್ಮನಿರಿಸುವುದನ್ನು ನಾನು ಚಿಕಿತ್ಸೆಯ ಮೊದಲ ಹೆಜ್ಜೆಯೆಂದೇ ಎಣಿಸುತ್ತೇನೆ.

ತಂಗಿಯ ಮಡಿಲಲ್ಲೇ ಮಗುವಿಗೆ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಔಷಧವನ್ನು ಒಂದೇ ಸಲ ಬಾಯಿಗೆ ಹಾಕಿದರು, ಆಮೇಲೆ ಮುಖದ ಹತ್ತಿರ ಮಾಸ್ಕ್ ಹಿಡಿದು ನೆಬ್ಯುಲೈಸರಿನಲ್ಲಿ ಅಡ್ರಿನಲಿನ್ ಕೊಟ್ಟರು. ಅಡ್ರಿನಲಿನ್ ಊದಿದ ಪೊರೆಯ ರಕ್ತನಾಳಗಳನ್ನು ಸಂಕುಚಿಸಿ ಅರ್ಧ ಗಂಟೆಯೊಳಗೆ ಊತವನ್ನು ತಗ್ಗಿಸುತ್ತದೆ. ಸದ್ದು ಕಡಿಮೆಯಾಗುತ್ತಾ ಬಂದುದನ್ನು ನೋಡುತ್ತಾ ನಾನು ಮತ್ತೆ ಲೆಕ್ಕ ಹಾಕಿದೆ. ಊತ ಪೂರ್ತಿ ಇಳಿಯಬೇಕಾಗಿಲ್ಲ. 1 ಮಿಲಿಮೀಟರ್ ಇದ್ದದ್ದು ಅರ್ಧ ಮಿಲಿಮೀಟರಿಗೆ ಬಂದರೆ ತ್ರಿಜ್ಯ 1.5 ಮಿಲಿಮೀಟರ್ ಆಗಿ, ಪ್ರತಿರೋಧ 16 ಪಟ್ಟಿನಿಂದ 3.2 ಪಟ್ಟಿಗೆ ಇಳಿಯುತ್ತದೆ. ಪಠ್ಯಪುಸ್ತಕದ ವಯಸ್ಕನಿಗೆ ಬಂದ ಉತ್ತರವೂ ಅದೇ. ಹಸುಳೆಯನ್ನು ಅಷ್ಟು ಬೇಗ ಕಂಗೆಡಿಸಿದ ನಾಲ್ಕನೇ ಘಾತ, ಊತ ಇಳಿಯುವಾಗ ಅಷ್ಟೇ ಬೇಗ ಅದರ ಕಷ್ಟವನ್ನೂ ಇಳಿಸುತ್ತದೆ ಎಂಬುದನ್ನು ಕಣ್ಣೆದುರೇ ಕಂಡಾಗ ನನಗೆ ಆದ ಸಮಾಧಾನ ಸಣ್ಣದಲ್ಲ. ಆದರೆ ಅಡ್ರಿನಲಿನ್ ಪರಿಣಾಮ ಸುಮಾರು ಎರಡು ಗಂಟೆಯಲ್ಲಿ ಕರಗುತ್ತದೆ, ಡೆಕ್ಸಾಮೆಥಾಸೋನ್ ಕೆಲಸ ಮಾಡಲು ಕೆಲವು ಗಂಟೆ ಬೇಕು. ಆ ನಡುವೆ ಊತ ಮರಳಬಹುದಾದ್ದರಿಂದ ನಮ್ಮನ್ನು ಬೆಳಗಿನವರೆಗೆ ಅಲ್ಲೇ ಇರಿಸಿಕೊಂಡರು.

ಅದೇ ಕೋಣೆಯ ಇನ್ನೊಂದು ಮಂಚದಲ್ಲಿ ಇನ್ನೂ ಚಿಕ್ಕ ಮಗುವೊಂದಿತ್ತು, ಅದಕ್ಕೆ ಬ್ರಾಂಕಿಯೋಲೈಟಿಸ್. ಅದರ ಗಂಟಲಿನಲ್ಲಿ ಸದ್ದಿರಲಿಲ್ಲ, ಉಸಿರು ಹೊರಬಿಡುವಾಗ ಎದೆಯಲ್ಲಿ ಸುಂಯ್ ಎನ್ನುತ್ತಿತ್ತು. ಈ ಕಾಯಿಲೆಗೆ ಸಾಮಾನ್ಯ ಕಾರಣ ಆರ್‌ಎಸ್‌ವಿ ಎಂಬ ವೈರಸ್. ಅದು ಊದಿಸುವುದು ಶ್ವಾಸಕೋಶದ ಆಳದ ಕಿರುನಾಳಗಳನ್ನು, ಮತ್ತು ಅಲ್ಲಿ ಊತದ ಜೊತೆಗೆ ಲೋಳೆ ಹಾಗೂ ಸತ್ತು ಕಳಚಿದ ಜೀವಕೋಶಗಳೂ ಸೇರಿ ದಾರಿಯನ್ನು ಮುಚ್ಚುತ್ತವೆ. ಆ ಕಿರುನಾಳಗಳು ಒಂದರ ಪಕ್ಕ ಒಂದರಂತೆ ಸಾವಿರಾರು ಇರುವುದರಿಂದ ಕೆಲವು ಮುಚ್ಚಿದರೂ ಗಾಳಿಗೆ ಬೇರೆ ದಾರಿ ಉಂಟು, ಆದರೆ ಬಹುಪಾಲು ನಾಳಗಳು ಒಟ್ಟಿಗೆ ಊದಿದಾಗ ಆ ಅನುಕೂಲ ತಪ್ಪಿಹೋಗುತ್ತದೆ. ಎದೆಯೊಳಗಿನ ನಾಳಗಳು ಉಸಿರೆಳೆಯುವಾಗ ತುಸು ಹಿಗ್ಗಿ, ಬಿಡುವಾಗ ಕುಗ್ಗುತ್ತವೆ. ಹೀಗಾಗಿ ಒಳಗೆ ಬಂದ ಗಾಳಿ ಪೂರ್ತಿ ಹೊರಹೋಗದೆ ಸಿಕ್ಕಿಕೊಳ್ಳುತ್ತದೆ, ಎದೆ ಉಬ್ಬಿದಂತೆಯೇ ಇರುತ್ತದೆ.

ನಮ್ಮ ಮಗುವಿಗೆ ಕೊಟ್ಟ ಔಷಧವನ್ನೇ ತಮ್ಮ ಮಗುವಿಗೂ ಕೊಡಬಾರದೇ ಎಂದು ಆ ಮಗುವಿನ ಅಜ್ಜಿ ಕೇಳಿದರು. ಲೋಳೆ ಮತ್ತು ಕಳಚಿದ ಕೋಶಗಳಿಂದ ಆದ ಅಡ್ಡಿಗೆ ಸ್ಟಿರಾಯ್ಡ್ ಪ್ರಯೋಜನವಾಗುವುದಿಲ್ಲ ಎಂದು ವೈದ್ಯರು ಅವರಿಗೆ ತಾಳ್ಮೆಯಿಂದ ವಿವರಿಸಿದರು. ಹಾಲು ಕುಡಿಸುವ ಮೊದಲು ಆ ಮಗುವಿನ ಮೂಗಿಗೆ ಉಪ್ಪುನೀರಿನ ಹನಿ ಬಿಟ್ಟು ಸಿಂಬಳ ತೆಗೆಯುತ್ತಿದ್ದರು. ಇದನ್ನು ಸಣ್ಣ ಉಪಚಾರ ಎನ್ನಲಾಗದು. ಎಳೆಯ ಹಸುಳೆಗಳು ಹೆಚ್ಚಾಗಿ ಮೂಗಿನಿಂದಲೇ ಉಸಿರಾಡುತ್ತವೆ, ಆ ಮೂಗೂ ಒಂದು ಕಿರಿದಾದ ಕೊಳವೆ, ಅಲ್ಲಿಯೂ ತ್ರಿಜ್ಯಕ್ಕೆ ಅದೇ ಬೆಲೆ. ಮೂಗು ತೆರೆದ ಮೇಲೆ ಮಗು ನಾಲ್ಕು ಗುಟುಕು ಹೆಚ್ಚು ಕುಡಿಯಿತು.

ಬೆಳಿಗ್ಗೆ ನಮ್ಮನ್ನು ಕಳುಹಿಸುವಾಗ ವೈದ್ಯರು ತಂಗಿಗೆ ಮುಂದಿನ ಎರಡು ಮೂರು ರಾತ್ರಿ ಒರಟು ಕೆಮ್ಮು ಮತ್ತೆ ಬರಬಹುದೆಂದೂ, ಕೆಮ್ಮೊಂದೇ ಇದ್ದರೆ ಹೆದರಬೇಕಾಗಿಲ್ಲವೆಂದೂ ತಿಳಿಸಿದರು. ಮಗು ಅಳದೆ ಸುಮ್ಮನಿರುವಾಗಲೂ ಉಸಿರೆಳೆಯುವ ಸದ್ದು ಕೇಳಿಸಿದರೆ, ಎದೆಯಲ್ಲಿ ಗುಳಿ ಬಿದ್ದರೆ, ಜೊಲ್ಲು ನುಂಗಲಾಗದೆ ಸುರಿಸಿದರೆ ಅಥವಾ ತುಟಿ ನೀಲಿಯಾದರೆ ತಕ್ಷಣ ಕರೆತರಬೇಕು. "ಒಂದು ವಿಷಯ ನೆನಪಿಡಿ ಅಮ್ಮ, ಎದೆ ಸೆಳೆಯುತ್ತಲೇ ಇದ್ದು ಸದ್ದು ಮಾತ್ರ ಕಡಿಮೆಯಾಗಿ ಮಗು ಮಂಕಾದರೆ ಅದು ಗುಣವಾದದ್ದಲ್ಲ, ಮಗು ಸೋತದ್ದು" ಎಂದರು. ಸದ್ದು ಹುಟ್ಟಬೇಕಾದರೂ ಇಕ್ಕಟ್ಟಿನಲ್ಲಿ ಸಾಕಷ್ಟು ಗಾಳಿ ಹಾಯಬೇಕು. ವಪೆ ದಣಿದು ಗಾಳಿಯ ಹರಿವೇ ಕುಗ್ಗಿದಾಗ ಸದ್ದೂ ಅಡಗುತ್ತದೆ, ಆಮ್ಲಜನಕದ ಅಂಕಿ ಇಳಿಯತೊಡಗುವುದೂ ಹೆಚ್ಚಾಗಿ ಆ ಹಂತದಲ್ಲೇ.