ಹತ್ತು ಸಾವಿರ ಫಾಲೋವರ್ಸ್ ಕೇಳಿದ ಖಾತೆ: ಮೂರು ತಿಂಗಳ ದಿನಚರಿ

ಕೆಲಸ ಶುರುವಾಗುವ ಮುನ್ನ

ಜಲವರ್ಣ ಚಿತ್ರಕಲೆ ಹೇಳಿಕೊಡುವ ಶಿಕ್ಷಕಿಯೊಬ್ಬರ ಇನ್‌ಸ್ಟಾಗ್ರಾಮ್ ಖಾತೆ ನೋಡಿಕೊಳ್ಳಲು ಒಪ್ಪಿದ್ದೇನೆ. ಆನ್‌ಲೈನ್ ತರಗತಿ, ಒಂದು ಬ್ಯಾಚಿಗೆ 12 ಸೀಟು. ಖಾತೆಯಲ್ಲಿ ಸದ್ಯ 1,840 ಫಾಲೋವರ್ಸ್ ಇದ್ದಾರೆ. ಮೊದಲ ಸಲ ಮಾತಾಡಿದಾಗಲೇ ಅವರು ಕೇಳಿದ್ದು: "ಮೂರು ತಿಂಗಳಲ್ಲಿ ಹತ್ತು ಸಾವಿರ ಮಾಡ್ಕೊಡ್ತೀರಾ ಸರ್?"

ಹಿಂದೊಮ್ಮೆ ಬೇರೊಂದು ಖಾತೆಯ ಕೆಲಸದಲ್ಲಿ ಇಂಥದೇ ಪ್ರಶ್ನೆಗೆ "ನೋಡೋಣ, ಪ್ರಯತ್ನ ಮಾಡ್ತೀನಿ" ಅಂದುಬಿಟ್ಟಿದ್ದೆ. ಕೇಳಿದವರಿಗೆ ಅದು "ಆಗುತ್ತೆ" ಅಂತ ಕೇಳಿಸಿತ್ತು. ಎರಡನೇ ತಿಂಗಳಿಗೇ ಮನಸ್ತಾಪವಾಗಿ ಕೆಲಸ ನಿಂತಿತು. ಹಾಗಾಗಿ ಈ ಸಲ ಹೂಂ ಅನ್ನಲೂ ಇಲ್ಲ, ಉಹೂಂ ಅನ್ನಲೂ ಇಲ್ಲ. ಎರಡು ದಿನ ಸಮಯ ಕೊಡಿ, ನಿಮ್ಮ ಖಾತೆಯ ಅಂಕಿಅಂಶ ತೋರಿಸುವ ಇನ್‌ಸೈಟ್ಸ್ ನೋಡಿ ಹೇಳುತ್ತೇನೆ ಅಂದೆ.

ನೋಡಿದ್ದು ಮೂರೇ ಅಂಕಿ, ಕಳೆದ 30 ದಿನದವು. ಫಾಲೋವರ್ ಅಲ್ಲದವರಲ್ಲಿ ಖಾತೆ ತಲುಪಿದ್ದು ಸುಮಾರು 6,000 ಜನರನ್ನು. ಹೊಸದಾಗಿ ಫಾಲೋ ಮಾಡಿದವರು 90. ಅನ್‌ಫಾಲೋ ಮಾಡಿದವರು 40. ಅಂದರೆ ತಿಂಗಳಿಗೆ ನಿವ್ವಳ 50 ಜನ ಹೆಚ್ಚುತ್ತಿದ್ದಾರೆ. ಹೊಸಬರು ನೂರು ಜನ ನೋಡಿದರೆ ಅವರಲ್ಲಿ ಒಂದೂವರೆ ಜನ ಫಾಲೋ ಮಾಡುತ್ತಿದ್ದಾರೆ.

ಈ ಒಂದೂವರೆ ಎಂಬ ಅಂಕಿಯೇ ನನಗೆ ಬೇಕಿದ್ದದ್ದು. ಹತ್ತು ಸಾವಿರ ಆಗಬೇಕಾದರೆ ಇನ್ನೂ 8,160 ಜನ ಬೇಕು, ತಿಂಗಳಿಗೆ 2,720. ಬಿಟ್ಟುಹೋಗುವ 40 ಜನರನ್ನೂ ತುಂಬಿಕೊಳ್ಳಬೇಕು, ಅಲ್ಲಿಗೆ 2,760. ನೂರಕ್ಕೆ ಒಂದೂವರೆಯಂತೆ ಇಷ್ಟು ಜನ ಬರಬೇಕೆಂದರೆ ತಿಂಗಳಿಗೆ 1,84,000 ಹೊಸಬರನ್ನು ತಲುಪಬೇಕು. ಈಗ ತಲುಪುತ್ತಿರುವುದರ ಮೂವತ್ತು ಪಟ್ಟು. ಅದೂ ಒಂದು ಸಲ ಅಲ್ಲ, ಸತತ ಮೂರು ತಿಂಗಳು.

ಈ ಲೆಕ್ಕವನ್ನು ಕಾಗದದ ಮೇಲೆ ಬರೆದು, ಅದರ ಫೋಟೊ ಕಳಿಸಿ, ಆಮೇಲೆ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಹಾಗಾದ್ರೆ ಎಷ್ಟು ಆಗಬಹುದು?" ಅಂದರು. ವಾರಕ್ಕೆ ಮೂರು ರೀಲ್ಸ್, ಹಲವು ಚಿತ್ರಗಳನ್ನು ಸರಿಸುತ್ತಾ ನೋಡುವ ಒಂದು ಕ್ಯಾರೊಸೆಲ್ ಬಿಡದೆ ಹಾಕಿದರೆ ಮೂರನೇ ತಿಂಗಳ ಹೊತ್ತಿಗೆ ರೀಚ್, ಅಂದರೆ ತಲುಪುವ ಜನರ ಸಂಖ್ಯೆ, ಎರಡು ಪಟ್ಟಾಗಬಹುದು. ಆಗ ತಿಂಗಳಿಗೆ 180 ಜನ ಬಂದು 50 ಜನ ಹೋದಾರು. ನಡುವಿನ ತಿಂಗಳುಗಳನ್ನೂ ಸೇರಿಸಿ, ಮೂರು ತಿಂಗಳ ಕೊನೆಗೆ ಖಾತೆ 2,100ರಿಂದ 2,250ರ ನಡುವೆ ಇರುತ್ತದೆ ಎಂದು ಬರೆದುಕೊಟ್ಟೆ. ಒಂದೇ ಅಂಕಿ ಕೊಡಲಿಲ್ಲ. ಒಂದೇ ಅಂಕಿ ಕೊಟ್ಟರೆ ಅದು ವಾಗ್ದಾನವಾಗಿಬಿಡುತ್ತದೆ, ಹತ್ತು ಜನ ಕಡಿಮೆಯಾದರೂ ಸೋತಂತೆ ಕಾಣುತ್ತದೆ.

ಒಪ್ಪಂದದಲ್ಲಿ ಫಾಲೋವರ್ಸ್ ಸಂಖ್ಯೆಯನ್ನು ಸೇರಿಸಿಲ್ಲ. ಎಷ್ಟು ರೀಲ್ಸ್, ಎಷ್ಟು ಕ್ಯಾರೊಸೆಲ್, ಎಷ್ಟು ಹೊತ್ತಿನೊಳಗೆ ಮೆಸೇಜಿಗೆ ಉತ್ತರ, ಯಾವ ದಿನ ವರದಿ ಎಂಬುದಷ್ಟೇ ಇದೆ. ಅಂದಾಜು ಬೇರೆ ಹಾಳೆಯಲ್ಲಿ, ಲೆಕ್ಕದ ಸಮೇತ ಇದೆ.

ಹತ್ತು ಸಾವಿರವೇ ಯಾಕೆ ಎಂದೂ ಕೇಳಿದೆ. ಪರಿಚಯದ ಇನ್ನೊಬ್ಬ ಕಲಾವಿದೆಗೆ ಅಷ್ಟಿದೆಯಂತೆ. ಇವರ ನಿಜವಾದ ಚಿಂತೆ ಬೇರೆ: ಕಳೆದ ಬ್ಯಾಚಿನಲ್ಲಿ 12 ಸೀಟಿಗೆ 5 ಮಾತ್ರ ತುಂಬಿತ್ತು. ಅಂದಮೇಲೆ ತರಗತಿಯ ಬಗ್ಗೆ ವಿಚಾರಿಸಿ ಬರುವ ಮೆಸೇಜುಗಳೇ ವರದಿಯ ಮೊದಲ ಸಾಲಿನಲ್ಲಿರಬೇಕು ಎಂದು ಅವತ್ತೇ ತೀರ್ಮಾನಿಸಿದೆ.

ಮೊದಲ ತಿಂಗಳ ವರದಿ, ಮತ್ತು ಅದರಲ್ಲಿ ನಾನು ಮಾಡಿದ ತಪ್ಪು

ಹೊಸಬರು 112, ಹೋದವರು 46, ನಿವ್ವಳ 66. ಖಾತೆ ಈಗ 1,906. ಅಂದಾಜಿಗೆ ಸರಿಯಾಗಿಯೇ ಇದೆ.

ತಪ್ಪಾಗಿದ್ದು ರೀಚ್‌ನಲ್ಲಿ. ವಾರವಾರ ಬರೆದಿಟ್ಟುಕೊಂಡಿದ್ದ ರೀಚ್ ಅಂಕಿಗಳನ್ನು, 2,900, 3,100, 2,700, 3,200, ಕೂಡಿ ತಿಂಗಳ ರೀಚ್ 11,900 ಎಂದು ಬರೆದು ಕಳಿಸಿದೆ. ಅವರು ತಮ್ಮ ಫೋನಿನಲ್ಲಿ ಇನ್‌ಸೈಟ್ಸ್ ತೆರೆದು ತಿಂಗಳ ಅವಧಿ ಆರಿಸಿ ನೋಡಿದರೆ ಅಲ್ಲಿ ಇದ್ದದ್ದು 8,800. "ಸರ್, ಇದ್ಯಾಕೆ ಬೇರೆ ತೋರಿಸ್ತಿದೆ?" ಎಂದು ಸ್ಕ್ರೀನ್‌ಶಾಟ್ ಕಳಿಸಿದರು.

ತೋರಿಸಿದ್ದು ಸರಿಯೇ. ರೀಚ್ ಎಂದರೆ ನೋಡಿದ ಬೇರೆಬೇರೆ ಖಾತೆಗಳ ಸಂಖ್ಯೆ. ಒಬ್ಬರೇ ನಾಲ್ಕೂ ವಾರ ನೋಡಿದ್ದರೆ ವಾರದ ಲೆಕ್ಕದಲ್ಲಿ ನಾಲ್ಕು ಸಲ ಬರುತ್ತಾರೆ, ತಿಂಗಳ ಲೆಕ್ಕದಲ್ಲಿ ಒಂದೇ ಸಲ. ವ್ಯೂಸ್ ಅನ್ನು ಕೂಡಬಹುದು, ರೀಚ್ ಅನ್ನು ಕೂಡುವಂತಿಲ್ಲ. ಗೊತ್ತಿದ್ದ ವಿಷಯವೇ; ಅವಸರದಲ್ಲಿ ಹಾಳೆಯ ಕೂಡುವ ಸೂತ್ರವನ್ನು ಆ ಸಾಲಿಗೂ ಎಳೆದುಬಿಟ್ಟಿದ್ದೆ. ಅರ್ಧ ಗಂಟೆಯೊಳಗೆ ತಿದ್ದಿದ ವರದಿ ಕಳಿಸಿ, ಯಾಕೆ ತಪ್ಪಾಯಿತು ಎಂದು ಮೇಲಿನ ಮಾತನ್ನೇ ಬರೆದೆ. ಅದನ್ನು ಅವರು ಸಮಾಧಾನದಿಂದ ತೆಗೆದುಕೊಂಡರು. ಸದ್ಯ, ತಪ್ಪು ಮೊದಲ ತಿಂಗಳಲ್ಲೇ ಸಿಕ್ಕಿತು. ಮೂರನೇ ತಿಂಗಳಲ್ಲಿ ಸಿಕ್ಕಿದ್ದರೆ ಹಿಂದಿನ ವರದಿಗಳನ್ನೂ ಯಾರೂ ನಂಬುತ್ತಿರಲಿಲ್ಲ.

ಈಗ ಮಾಡುತ್ತಿರುವ ಕ್ರಮ: ಪ್ರತಿ ತಿಂಗಳ 1ನೇ ತಾರೀಕು ಬೆಳಿಗ್ಗೆ ಹಿಂದಿನ ತಿಂಗಳ ಅವಧಿ ಆರಿಸಿ, ರೀಚ್, ಫಾಲೋ, ಅನ್‌ಫಾಲೋ ಮೂರರದ್ದೂ ಸ್ಕ್ರೀನ್‌ಶಾಟ್ ತೆಗೆದು ವರದಿಗೇ ಅಂಟಿಸುತ್ತೇನೆ. ಆ್ಯಪ್‌ನೊಳಗೆ ಹಳೆಯ ಅಂಕಿಗಳು 90 ದಿನದಷ್ಟು ಹಿಂದಕ್ಕೆ ಮಾತ್ರ ಸಿಗುವುದರಿಂದ, ಮುಂದೆಂದೋ ಹೋಲಿಸಬೇಕೆಂದರೂ ಈ ಚಿತ್ರಗಳೇ ಆಧಾರ.

ತರಗತಿಗೆ ವಿಚಾರಿಸಿದವರು ಈ ತಿಂಗಳು 6 ಜನ.

ಎರಡನೇ ತಿಂಗಳು, ಉಪ್ಪಿನ ರೀಲ್

ಹನ್ನೊಂದು ಸೆಕೆಂಡಿನ ರೀಲ್. ಒದ್ದೆ ನೀಲಿ ಬಣ್ಣದ ಮೇಲೆ ಶಿಕ್ಷಕಿ ಚಿಟಿಕೆ ಉಪ್ಪು ಉದುರಿಸುತ್ತಾರೆ. ಹರಳುಗಳು ಸುತ್ತಲಿನ ನೀರು ಬಣ್ಣ ಎರಡನ್ನೂ ಎಳೆದುಕೊಂಡು, ಕಾಗದದ ಮೇಲೆ ಹಿಮದ ಹೂವಿನಂಥ ಗುರುತುಗಳು ಅರಳುತ್ತವೆ. ಮಾತಿಲ್ಲ, ಬರಹವಿಲ್ಲ. ಹಾಕಿ ಮೂರನೇ ದಿನಕ್ಕೆ ಓಟ ಹಿಡಿಯಿತು. ತಿಂಗಳ ಕೊನೆಗೆ 96,000 ವ್ಯೂಸ್, 71,000 ರೀಚ್. ಅದರಲ್ಲಿ 70,000 ಜನ ಫಾಲೋವರ್ ಅಲ್ಲದವರು.

ಶಿಕ್ಷಕಿಯ ಸಂತೋಷ ಹೇಳತೀರದು. ನನಗೂ ಖುಷಿಯಾಯಿತು. ಆದರೆ ವರದಿ ಬರೆಯಲು ಕೂತಾಗ, ಇಷ್ಟು ದಿನ ಬರೆದದ್ದರಲ್ಲೇ ಇದು ಕಷ್ಟದ್ದು ಅನ್ನಿಸಿತು. ತಿಂಗಳಲ್ಲಿ ಬಂದವರು 330, ಹೋದವರು 71, ನಿವ್ವಳ 259. ಖಾತೆ 2,165. ಇದನ್ನು ಹೀಗೇ ಕೊಟ್ಟರೆ, ಮೂರನೇ ತಿಂಗಳು ಏನೇ ಆದರೂ ಇಳಿದಂತೆ ಕಾಣುತ್ತದೆ.

ಹಾಗಾಗಿ ಆ ರೀಲನ್ನು ಪ್ರತ್ಯೇಕ ತೆಗೆದಿಟ್ಟೆ. ಒಂದೊಂದು ರೀಲ್‌ನ ಇನ್‌ಸೈಟ್ಸ್‌ನಲ್ಲಿ ಅದರಿಂದ ಎಷ್ಟು ಜನ ಫಾಲೋ ಮಾಡಿದರು ಎಂಬುದು ಸಿಗುತ್ತದೆ. ಇದರಿಂದ ಬಂದವರು 208. ಎಪ್ಪತ್ತು ಸಾವಿರಕ್ಕೆ 208 ಎಂದರೆ ಸಾವಿರಕ್ಕೆ ಮೂರು. ಮೊದಲು ಸಾವಿರಕ್ಕೆ ಹದಿನೈದು ಜನ ಫಾಲೋ ಮಾಡುತ್ತಿದ್ದರು. ಕಾರಣ ಊಹಿಸುವುದು ಕಷ್ಟವಲ್ಲ. ಉಪ್ಪಿನ ಆಟ ನೋಡಿ ಮೆಚ್ಚಿದವರೆಲ್ಲ ಚಿತ್ರ ಬಿಡಿಸುವವರಲ್ಲ, ಕಣ್ಣಿಗೆ ಹಿತವಾಗಿದ್ದನ್ನು ನೋಡಿ ಮುಂದಕ್ಕೆ ಸರಿದವರು. ಉಳಿದ 122 ಜನ ಮಾಮೂಲಿ ಪೋಸ್ಟ್‌ಗಳಿಂದ ಬಂದವರು, ಮೊದಲ ತಿಂಗಳ 112ರ ಪಕ್ಕದಲ್ಲಿ ಇಡಬೇಕಾದ ಅಂಕಿ ಅದು.

ಸರಾಸರಿಯನ್ನೂ ವರದಿಯಿಂದ ತೆಗೆದುಹಾಕಿದೆ. ತಿಂಗಳ 12 ರೀಲ್ಸ್‌ಗಳ ಸರಾಸರಿ ರೀಚ್ 6,500ರ ಹತ್ತಿರ ಬರುತ್ತಿತ್ತು. ಆದರೆ ಹನ್ನೆರಡರಲ್ಲಿ ಒಂದು ರೀಲೂ ಆ ಸಂಖ್ಯೆಯ ಹತ್ತಿರ ಇರಲಿಲ್ಲ! ಒಂದು 71,000, ಮಿಕ್ಕವೆಲ್ಲ ಸಾವಿರದೊಳಗೆ. ಎಲ್ಲವನ್ನೂ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಇಟ್ಟು ನಡುವಿನ ಎರಡರ ಮಧ್ಯದ ಅಂಕಿ ತೆಗೆದರೆ 640. ಅದೇ ಈ ಖಾತೆಯ ದಿನನಿತ್ಯದ ರೀಲ್. ವರದಿಯಲ್ಲಿ ಈಗ ನಡುವಿನ ಅಂಕಿ ಮಾತ್ರ ಇದೆ.

ಈ ತಿಂಗಳ ನಿಜವಾದ ಗೆಲುವು ಬೇರೆ ಕಡೆ ಇತ್ತು. ಎರಡು ಒಳ್ಳೆಯ ಬಣ್ಣ ಬೆರೆಸಿದರೆ ಕೆಸರಿನಂತಾಗುವುದು ಯಾಕೆ ಎಂದು ಹೇಳಿದ ಕ್ಯಾರೊಸೆಲ್. ನೇರಳೆಗೆ ಹಳದಿ, ಹಸಿರಿಗೆ ಕೆಂಪು ತಾಗಿದಾಗ ಕಂದಾಗುವುದನ್ನು ಆರು ಚಿತ್ರಗಳಲ್ಲಿ ತೋರಿಸಿದ್ದೆವು. ತಲುಪಿದ್ದು 1,150 ಜನರನ್ನು ಮಾತ್ರ. ಸೇವ್ ಮಾಡಿಕೊಂಡವರು 94. ಅದನ್ನು ನೋಡಿ ತರಗತಿಗೆ ವಿಚಾರಿಸಿದವರು 9, ಸೇರಿದವರು 4. ಉಪ್ಪಿನ ರೀಲ್ ನೋಡಿ ವಿಚಾರಿಸಿದವರು 2. ಯಾವ ಪೋಸ್ಟ್ ನೋಡಿ ಬಂದಿರಿ ಎಂದು ವಿಚಾರಿಸಿದವರನ್ನೆಲ್ಲ ಕೇಳುತ್ತೇವೆ. ಇದಕ್ಕಿಂತ ಸುಲಭದ ದಾರಿ ನನಗೆ ಸಿಕ್ಕಿಲ್ಲ.

ವರದಿಯ ಕೊನೆಗೆ ದಪ್ಪ ಅಕ್ಷರದಲ್ಲಿ ಬರೆದೆ: ಮುಂದಿನ ತಿಂಗಳು ಅನ್‌ಫಾಲೋ ಹೆಚ್ಚಾಗುತ್ತದೆ, ನಿವ್ವಳ ಏರಿಕೆ 10ರಿಂದ 70ರೊಳಗೆ ಇರಬಹುದು. ಮೂರು ತಿಂಗಳ ಅಂದಾಜು ಬದಲಾಗುವುದಿಲ್ಲ.

ಮೂರನೇ ತಿಂಗಳ ನಡುವೆ

"ಐದು ಸಾವಿರ ಫಾಲೋವರ್ಸ್ ಒಂದೇ ವಾರದಲ್ಲಿ ಕೊಡ್ತೀವಿ ಅಂತ ಯಾರೋ ಮೆಸೇಜ್ ಮಾಡಿದಾರೆ, ತಗೊಳ್ಳೋಣ್ವಾ?" ಎಂದು ಕೇಳಿದರು. ಬೇಡ ಎಂದರೆ ಸಾಲದು, ಯಾಕೆ ಎಂದೂ ಹೇಳಬೇಕಲ್ಲ. ಈಗ ಒಂದು ಪೋಸ್ಟಿಗೆ ಲೈಕ್, ಕಾಮೆಂಟ್, ಸೇವ್, ಶೇರ್ ಎಲ್ಲ ಸೇರಿ 120ರಷ್ಟು ಬರುತ್ತದೆ, ಅಂದರೆ 2,165 ಜನರಿಗೆ ಶೇಕಡಾ 5.5. ಚಿತ್ರವನ್ನೇ ನೋಡದ ಐದು ಸಾವಿರ ಖಾತೆ ಸೇರಿದರೆ ಅದೇ 120 ಶೇಕಡಾ 1.7ಕ್ಕೆ ಇಳಿಯುತ್ತದೆ. ನಮ್ಮ ಫಾಲೋವರ್ಸ್ ಎಲ್ಲಿಯವರು, ಯಾವ ವಯಸ್ಸಿನವರು ಎಂಬ ಮಾಹಿತಿಯೂ ಕೆಡುತ್ತದೆ. ನಕಲಿ ಖಾತೆಗಳನ್ನು ಇನ್‌ಸ್ಟಾಗ್ರಾಮ್ ಆಗಾಗ ತೆಗೆದುಹಾಕುತ್ತದೆ. 2014ರ ಡಿಸೆಂಬರ್‌ನಲ್ಲಿ ಹೀಗೆ ಸಾಮೂಹಿಕವಾಗಿ ತೆಗೆದಾಗ ಹೆಸರಾಂತ ಖಾತೆಗಳೂ ಲಕ್ಷಗಟ್ಟಲೆ ಕಳೆದುಕೊಂಡಿದ್ದವು. ಒಪ್ಪಿದರು. ಆ ಮೆಸೇಜನ್ನು ನನ್ನೆದುರೇ ಅಳಿಸಿದರು, ವಿಡಿಯೊ ಕರೆಯಲ್ಲಿದ್ದೆವು.

ಮೂರನೇ ತಿಂಗಳ ವರದಿ

ಬಂದವರು 141, ಹೋದವರು 118, ನಿವ್ವಳ 23. ಖಾತೆ 2,188. ಮೊದಲ ದಿನ ಬರೆದುಕೊಟ್ಟ 2,100–2,250ರ ಒಳಗೇ ಇದೆ. ಒಂದು ಮಾತು ಒಪ್ಪಿಕೊಳ್ಳಬೇಕು: ಅಂದಾಜು ಸರಿಹೋದದ್ದು ನಾನು ಎಣಿಸಿದ ದಾರಿಯಲ್ಲಿ ಅಲ್ಲ. ಉಪ್ಪಿನ ರೀಲ್ ಇಲ್ಲದಿದ್ದರೆ 2,100ರ ಗೆರೆ ಮುಟ್ಟುವುದು ಕಷ್ಟವಿತ್ತು. ರೀಚ್ ಎರಡು ಪಟ್ಟಾಗುತ್ತದೆ ಅಂದುಕೊಂಡಿದ್ದೆ. ಹೊಸಬರ ರೀಚ್ 9,400ಕ್ಕೆ ನಿಂತಿದೆ. ಇದನ್ನೂ ವರದಿಯಲ್ಲಿ ಹಾಗೇ ಬರೆದಿದ್ದೇನೆ.

118 ಅನ್‌ಫಾಲೋ ನೋಡಿ ಗಾಬರಿಯಾಗುತ್ತಾರೇನೋ ಎಂದುಕೊಂಡಿದ್ದೆ. "ನೀವು ಹೇಳಿದ್ದಿರಲ್ಲ" ಎಂದು ಮುಂದಿನ ಸಾಲಿಗೆ ಹೋದರು. ಅಲ್ಲಿ ಇದ್ದದ್ದು: ವಿಚಾರಿಸಿದವರು 14, ತುಂಬಿದ ಸೀಟು 10.

ಮುಂದಿನ ಮೂರು ತಿಂಗಳಿಗೆ ಹೊಸ ಹಾಳೆ ಸಿದ್ಧವಾಗಿದೆ. ಈ ಸಲ ರೀಚ್ ಎರಡು ಪಟ್ಟಾಗುವ ಲೆಕ್ಕ ಹಿಡಿದಿಲ್ಲ. ಕೈಯಲ್ಲಿರುವ 9,400ರ ಮೇಲೆಯೇ ಅಂದಾಜು, 2,350ರಿಂದ 2,480. ವಾರದ ಮೂರು ರೀಲ್ಸ್‌ಗಳಲ್ಲಿ ಒಂದನ್ನು ಬಿಟ್ಟು ಆ ಜಾಗಕ್ಕೆ ಇನ್ನೊಂದು ಕ್ಯಾರೊಸೆಲ್ ಹಾಕುತ್ತೇವೆ. ಮೊದಲನೆಯದು ತೊಳೆದ ಕುಂಚವನ್ನು ತಲೆ ಮೇಲಾಗಿ ನಿಲ್ಲಿಸಿ ಒಣಗಿಸಿದರೆ ಕೂದಲು ಯಾಕೆ ಉದುರುತ್ತದೆ ಎಂಬುದರ ಬಗ್ಗೆ. ಅದರ ಚಿತ್ರಗಳನ್ನು ಅವರು ನಿನ್ನೆಯೇ ಕಳಿಸಿದ್ದಾರೆ.