ಮಾನಿಟರ್ ಆರ್ಮ್ ಕೊಳ್ಳುವ ಮೊದಲು ಮೇಜಿನ ಅಡಿಯನ್ನೂ ಅಳೆಯಿರಿ

ಕಚೇರಿಯ ಕಂಪ್ಯೂಟರ್‌ಗಳನ್ನು ಜೋಡಿಸಿ ನೋಡಿಕೊಳ್ಳುವುದು ನನ್ನ ಕೆಲಸ. ಮಾನಿಟರನ್ನು ಸ್ಟ್ಯಾಂಡ್ ಬದಲು ಮೇಜಿನ ಅಂಚಿನಿಂದ ಎತ್ತಿ ಹಿಡಿಯುವ ಮಾನಿಟರ್ ಆರ್ಮ್ ಬೇಕೆಂದು ಕೇಳುವವರು ಸಾಮಾನ್ಯವಾಗಿ ಪರದೆ ಎಷ್ಟು ಇಂಚಿನದು ಎಂಬುದನ್ನಷ್ಟೇ ತಿಳಿಸುತ್ತಾರೆ. ಆಯ್ಕೆಗೆ ಅದರಿಂದ ಹೆಚ್ಚು ಉಪಯೋಗವಿಲ್ಲ.

ಇತ್ತೀಚೆಗೆ ಅಳವಡಿಸಿದ 34 ಇಂಚಿನ ಬಾಗಿದ ಮಾನಿಟರ್ ಸ್ಟ್ಯಾಂಡ್ ಸಹಿತ 9.4 ಕಿಲೋ, ಸ್ಟ್ಯಾಂಡ್ ಇಲ್ಲದೆ 6.8 ಕಿಲೋ ತೂಗುತ್ತಿತ್ತು. ಆರ್ಮ್‌ಗೆ ಲೆಕ್ಕಕ್ಕೆ ಬರುವುದು ಎರಡನೆಯ ತೂಕ. 2ರಿಂದ 7 ಕಿಲೋ ಹೊರುವ ಆರ್ಮ್ ಒಂದು ಕೈಗೆ ಸಿಕ್ಕಿತ್ತಾದರೂ, ಬಾಗಿದ ಪರದೆಯ ಭಾರ ಹಿಂಬದಿಯ ಫಲಕದಿಂದ ಮುಂದಕ್ಕೆ ಚಾಚಿಕೊಂಡಿರುವುದರಿಂದ ಅದರ ಕೀಲು ನಿಧಾನವಾಗಿ ಜಗ್ಗಿ ಪರದೆ ಕೆಳಮುಖವಾಗುವ ಸಾಧ್ಯತೆಯಿತ್ತು. ಆದ್ದರಿಂದ 3ರಿಂದ 10 ಕಿಲೋ ಮಿತಿಯದನ್ನು ಆರಿಸಿದೆ. ಗ್ಯಾಸ್ ಸ್ಪ್ರಿಂಗ್ ಇರುವ ಆರ್ಮ್‌ಗಳಲ್ಲಿ ಕನಿಷ್ಠ ತೂಕವನ್ನೂ ಗಮನಿಸಬೇಕು, ಏಕೆಂದರೆ ಅದಕ್ಕಿಂತ ಹಗುರವಾದ ಮಾನಿಟರನ್ನು ಎಷ್ಟು ಇಳಿಸಿದರೂ ಅದು ತಾನಾಗಿ ಮೇಲೇರುತ್ತದೆ.

ಆರ್ಮ್ ಬಿಗಿಯಲೆಂದು ಮಾನಿಟರ್‌ನ ಹಿಂಬದಿಯಲ್ಲಿರುವ, ವೆಸಾ ಎಂಬ ಮಾನಕದ ರಂಧ್ರಗಳ ಅಂತರ 100×100 ಮಿ.ಮೀ. ಆಗಿದ್ದು ಆರ್ಮ್‌ನ ಫಲಕಕ್ಕೆ ಸರಿಹೊಂದಿತು. ಆದರೆ ಆ ರಂಧ್ರಗಳು ಒಂದು ಗುಳಿಯೊಳಗಿದ್ದವು, ಫಲಕವು ಗುಳಿಗಿಂತ ಅಗಲವಾಗಿತ್ತು. ಹೀಗಾಗಿ ಎರಡರ ನಡುವೆ ಅಂತರ ಕೊಡುವ 15 ಮಿ.ಮೀ. ಉದ್ದದ ಸ್ಪೇಸರ್ ಹಾಕಬೇಕಾಯಿತು. ಫಲಕದ ದಪ್ಪ 3 ಮಿ.ಮೀ. ಇದ್ದುದರಿಂದ 25 ಮಿ.ಮೀ.ನ ಎಂ4 ಸ್ಕ್ರೂ ಮಾನಿಟರ್ ಒಳಗೆ 7 ಮಿ.ಮೀ. ಹೋಗುತ್ತದೆ, ಅಷ್ಟು ಆಳ ಲಭ್ಯವಿದೆಯೇ ಎಂದು ಕೈಪಿಡಿಯಲ್ಲಿ ನೋಡಿದ ಮೇಲೆಯೇ ಬಿಗಿದೆ.

ಹೆಚ್ಚು ಹೊತ್ತು ಹಿಡಿದದ್ದು ಆರ್ಮನ್ನು ಮೇಜಿನ ಅಂಚಿಗೆ ಕಚ್ಚಿಸುವ ಕ್ಲ್ಯಾಂಪ್. ಅದರ ಮಿತಿ 10ರಿಂದ 60 ಮಿ.ಮೀ., ಹಲಗೆಯ ದಪ್ಪ 25 ಮಿ.ಮೀ.; ಕಾಗದದ ಮೇಲೆ ಯಾವ ತೊಡಕೂ ಇರಲಿಲ್ಲ. ಆದರೆ ಕ್ಲ್ಯಾಂಪಿನ ಕೆಳದವಡೆ ಹಲಗೆಯ ಅಡಿಯಲ್ಲಿ 65 ಮಿ.ಮೀ. ಒಳಕ್ಕೆ ಚಾಚಬೇಕು, ಅಲ್ಲಿಯೋ ಹಿಂದಿನ ಅಂಚಿನಿಂದ 40 ಮಿ.ಮೀ. ದೂರದಲ್ಲೇ 30 ಮಿ.ಮೀ. ಎತ್ತರದ ಕಬ್ಬಿಣದ ಅಡ್ಡಪಟ್ಟಿ ಮೇಜಿನ ಉದ್ದಕ್ಕೂ ಹಾದುಹೋಗಿತ್ತು. ಅಂಚಿಗೂ ಪಟ್ಟಿಗೂ ನಡುವಿನ ಜಾಗದಲ್ಲಿ 30 ಮಿ.ಮೀ. ದಪ್ಪದ ಗಟ್ಟಿ ಪ್ಲೈವುಡ್ ತುಂಡನ್ನು ಕೂರಿಸಿದಾಗ ದವಡೆಗೆ ಸಮತಟ್ಟಾದ ಆಧಾರ ದೊರೆಯಿತು. ಒಟ್ಟು ದಪ್ಪ 55 ಮಿ.ಮೀ. ಆಗಿ ಮಿತಿಯೊಳಗೇ ಉಳಿಯಿತು. ಹಲಗೆಯು ಪಾರ್ಟಿಕಲ್ ಬೋರ್ಡ್ ಆಗಿದ್ದರಿಂದ ಒತ್ತಡ ಹಂಚಿಹೋಗಲೆಂದು ಮೇಲ್ಭಾಗದಲ್ಲಿ ಉಕ್ಕಿನ ತಗಡನ್ನೂ ಇಟ್ಟೆ. ತಟ್ಟಿದರೆ ಪೊಳ್ಳು ಸದ್ದು ಬರುವ, ಒಳಗೆ ಟೊಳ್ಳಾಗಿರುವ ಹಲಗೆಯಾಗಿದ್ದರೆ ನಾನು ಕ್ಲ್ಯಾಂಪ್ ಹಾಕುತ್ತಲೇ ಇರಲಿಲ್ಲ.

ಗ್ಯಾಸ್ ಸ್ಪ್ರಿಂಗ್ ಆರ್ಮ್ ಭಾರವಿಲ್ಲದಾಗ ರಭಸದಿಂದ ಮೇಲೆ ಚಿಮ್ಮುತ್ತದೆ, ಆದ್ದರಿಂದ ಮಾನಿಟರ್ ಬಿಗಿಯುವವರೆಗೆ ಅದನ್ನು ಮೇಲಿನ ತುದಿಯಲ್ಲೇ ಬಿಡುವುದು ಕ್ಷೇಮ. ನಂತರ ಆರ್ಮನ್ನು ಅಡ್ಡಕ್ಕೆ ನೇರವಾಗಿ ಹಿಡಿದು, ಅಲೆನ್ ಕೀಲಿಯಿಂದ ಬಿಗಿತವನ್ನು ಸರಿಪಡಿಸಬೇಕು: ಪರದೆ ಇಳಿದರೆ ಹೆಚ್ಚಿಸಿ, ಏರಿದರೆ ಕಡಿಮೆ ಮಾಡಿ. ಕೊನೆಗೆ ಕ್ಲ್ಯಾಂಪಿನ ಬುಡದ ಸುತ್ತ ಪೆನ್ಸಿಲ್ ಗೆರೆ ಎಳೆದಿಟ್ಟೆ; ಮುಂದಿನ ವಾರ ಬುಡ ಆ ಗೆರೆಯಿಂದ ಸರಿದಿದ್ದರೆ ಪ್ಲೈವುಡ್ ಕುಸಿದಿದೆ ಅಥವಾ ಕ್ಲ್ಯಾಂಪ್ ಸಡಿಲವಾಗಿದೆ ಎಂದು ತಿಳಿಯುತ್ತದೆ.