ನಾಲ್ಕು ಲೀಟರ್ ಉಳಿಸೋಕೆ ಹೋಗಿ

ವಿಜಯಪುರದಲ್ಲಿ ನಾನು ನೋಡಿಕೊಳ್ಳುವ ನೀರಾ ಕೌಂಟರಿನಲ್ಲಿ ದಿನದ ಕೊನೆಗೆ ಒಂದು ಹಾಳೆ ತುಂಬಬೇಕು. ಬಂದದ್ದು ಎಷ್ಟು, ಮಾರಿದ್ದು ಎಷ್ಟು, ಚೆಲ್ಲಿದ್ದು ಎಷ್ಟು. ಮೂರನೇ ಕಾಲಮ್ಮಿನಲ್ಲಿ ಸೊನ್ನೆ ಬಿಟ್ಟು ಬೇರೆ ಏನು ಬರೆದರೂ ಮರುದಿನ ಬೆಳಿಗ್ಗೆ ಫೋನ್ ಬರುತ್ತದೆ. 'ಯಾಕೆ ಉಳೀತು? ಇಂಡೆಂಟ್ ಜಾಸ್ತಿ ಹಾಕಿದ್ರಾ? ಬೇರೆ ಕೌಂಟರಿನಲ್ಲಿ ಉಳಿಯೋದೇ ಇಲ್ವಲ್ಲ?' ಆ ಬೇರೆ ಕೌಂಟರಿನವರು ಉಳಿದದ್ದನ್ನ ಏನು ಮಾಡ್ತಾರೆ ಅಂತ ಮಾತ್ರ ಯಾರೂ ಕೇಳಲ್ಲ.

ಏಪ್ರಿಲ್‌ನ ಒಂದು ರಾತ್ರಿ ನಾಲ್ಕು ಲೀಟರ್ ಉಳಿಯಿತು. ರುಚಿ ನೋಡಿದೆ, ಸಿಹಿಯಾಗಿತ್ತು. ಮುಚ್ಚಿ ಡಿಸ್‌ಪ್ಲೇ ಫ್ರಿಜ್ಜಿನಲ್ಲಿಟ್ಟೆ. ಹಾಳೆಯಲ್ಲಿ ಸೊನ್ನೆ ಬರೆದು ಮನೆಗೆ ಹೋದೆ.

ನಮಗೆ ಮಾಲು ತುಮಕೂರು ಕಡೆಯಿಂದ ಬರುತ್ತದೆ, ತೆಂಗಿನ ನೀರಾ. ಮರದ ಮೇಲೆ ಐಸ್ ಹಾಕಿದ ಪೆಟ್ಟಿಗೆಯಲ್ಲೇ ಇಳಿಸಿ, ರಾತ್ರಿಯೆಲ್ಲಾ ಐಸಿನಲ್ಲೇ ಹೂತು ಕಳಿಸ್ತಾರೆ. ಮರುದಿನ ಬೆಳಿಗ್ಗೆ ಕ್ಯಾನ್ ತೆಗೆದಾಗ ಎರಡು ಡಿಗ್ರಿ ಇತ್ತು, ಸಕ್ಕರೆಯ ಅಳತೆ ಬ್ರಿಕ್ಸ್ 15. ಚೊಕ್ಕ ಮಾಲು. ಆ 20 ಲೀಟರ್ ಡಿಸ್ಪೆನ್ಸರಿಗೆ ಸುರಿದ ಮೇಲೆ ಹಿಂದಿನ ದಿನದ ನಾಲ್ಕು ಲೀಟರನ್ನೂ ಸುರಿದೆ.

ಪಕ್ಕದಲ್ಲಿ ಗ್ಲಾಸ್ ತೊಳೆಯುತ್ತಿದ್ದ ಕಾಕಾ ಕೈ ನಿಲ್ಲಿಸಿ ನೋಡಿದರು. ಅವರು ಹುಡುಗರಾಗಿದ್ದಾಗ ಹಳ್ಳದ ದಂಡೆಯ ಸಿಂದಿ ಗಿಡಗಳಿಂದ ಗಡಿಗಿ ಇಳಿಸುವುದನ್ನ ಕಂಡವರು.

'ಸರ, ಹಳೇದು ಯಾಕ ಹಾಕಿದ್ರಿ? ಸಿಂದಿ ಬೇಕಂದ್ರ ಗಡಿಗಿ ತೊಳೀಬಾರದು. ನೀರಾ ಬೇಕಂದ್ರ ಗಡಿಗಿ ತಿಕ್ಕಿ ತೊಳದು ಸುಣ್ಣ ಹಚ್ಚಬೇಕು. ನೀವು ಗಡಿಗಿ ತೊಳದ್ರಿ, ಹಳೇದು ಮತ್ತ ಒಳಗ ಹಾಕಿದ್ರಿ.'

'ಕಾಕಾ, ಫ್ರಿಜ್ಜಿನಲ್ಲಿತ್ತು' ಅಂದೆ. ಅವರು ಮತ್ತೆ ಗ್ಲಾಸಿಗೆ ಕೈ ಹಾಕಿದರು.

ಅವರು ಹೇಳಿದ್ದರ ಅರ್ಥ ನನಗೆ ಸಂಜೆ ಆಯಿತು. ನೀರಾ ಹುದುಗಲು ಹೊರಗಿನಿಂದ ಏನೂ ಬೆರೆಸಬೇಕಿಲ್ಲ. ಗಾಳಿ, ಹೊಂಬಾಳೆ, ಪಾತ್ರೆ, ಹುಳ, ಎಲ್ಲದರಿಂದ ಯೀಸ್ಟ್ ಮತ್ತು ಹುಳಿ ತರುವ ಬ್ಯಾಕ್ಟೀರಿಯಾ ಬಂದು ಸೇರುತ್ತವೆ. ತಂಪು ಅವನ್ನ ಮಲಗಿಸುತ್ತದೆ ಅಷ್ಟೇ, ಕೊಲ್ಲುವುದಿಲ್ಲ. ಫ್ರಿಜ್ಜಿನಲ್ಲಿ ರಾತ್ರಿ ಕಳೆದ ಆ ನಾಲ್ಕು ಲೀಟರಿನಲ್ಲಿ ಅವು ನಿಧಾನಕ್ಕೆ ಸಂಸಾರ ಬೆಳೆಸಿಕೊಂಡೇ ಇದ್ದವು. ನಮ್ಮ ಫ್ರಿಜ್ಜಿನ ಬಾಗಿಲಂತೂ ದಿನಕ್ಕೆ ನೂರು ಸಲ ತೆಗೆಯೋದು, ಮೇಲಿನ ಬೋರ್ಡ್ ನಾಲ್ಕು ಡಿಗ್ರಿ ತೋರಿಸಿದರೂ ಒಳಗಿನ ಪಾತ್ರೆ ಅಷ್ಟು ತಂಪಾಗಿರಲ್ಲ. 24 ಲೀಟರಿನಲ್ಲಿ ನಾಲ್ಕು ಅಂದರೆ ಆರರಲ್ಲಿ ಒಂದು ಪಾಲು ಹೆಪ್ಪು. ಮನೆಯಲ್ಲಿ ಮೊಸರಿಗೆ ಇಷ್ಟು ಹೆಪ್ಪು ಯಾರು ಹಾಕ್ತಾರೆ?

ಹತ್ತೂ ನಲವತ್ತಕ್ಕೆ ಕರೆಂಟ್ ಹೋಯಿತು. ಇನ್ವರ್ಟರಿಗೆ ಲೈಟು, ಬಿಲ್ಲಿಂಗ್ ಮಷೀನ್ ಇವೆ, ಚಿಲ್ಲರ್ ಇಲ್ಲ. ಅದನ್ನ ಸೇರಿಸಿ ಅಂತ ಎರಡು ಸಲ ಮೇಲ್ ಹಾಕಿದ್ದೆ. ಹನ್ನೆರಡೂ ಇಪ್ಪತ್ತಕ್ಕೆ ಕರೆಂಟ್ ಬಂತು. ಅಷ್ಟರಲ್ಲಿ ಹೊರಗೆ ಬಿಸಿಲು ಹಂಚು ಕಾದಂತಿತ್ತು. ಡಿಸ್ಪೆನ್ಸರಿನಲ್ಲಿ ಗಾಜಿನ ಅಂಚಿಗೆ ಬಿಳಿ ಬುರುಗು ಕಟ್ಟಿತ್ತು.

'ಬುರುಗು ಬಂತ್ರಿ' ಅಂದರು ಕಾಕಾ.

ನಾನು ಬ್ರಿಕ್ಸ್ ನೋಡುವ ರಿಫ್ರ್ಯಾಕ್ಟೋಮೀಟರ್ ತೆಗೆದೆ. ಒಂದು ಹನಿ ಹಾಕಿ ಬೆಳಕಿಗೆ ಹಿಡಿದರೆ 13. ಬೆಳಿಗ್ಗೆ 15 ಇತ್ತು, ಎರಡು ಇಳಿದಿದೆ. ನಾಲಿಗೆಗೆ ಹಚ್ಚಿದೆ, ಇನ್ನೂ ಸಿಹಿ, ಸ್ವಲ್ಪ ಚುರುಕು. ಐಸ್ ಹಾಕಿದರೆ ಸರಿಹೋಗುತ್ತೆ ಅಂದುಕೊಂಡೆ. ಆಗ ಒಂದೂ ಕಾಲು. ಅಲ್ಲೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ.

ಈ ತಪ್ಪನ್ನ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ನಮ್ಮಲ್ಲಿ ತುಂಬಾ ಜನ ಇದೇ ಉಪಕರಣವನ್ನ ನಂಬಿಕೊಂಡಿದ್ದಾರೆ. ಹುದುಗುವಾಗ ಸಕ್ಕರೆಯಲ್ಲಿ ತೂಕದ ಲೆಕ್ಕಕ್ಕೆ ಸುಮಾರು ಅರ್ಧ ಆಲ್ಕೋಹಾಲ್ ಆಗುತ್ತದೆ, ಉಳಿದರ್ಧ ಗ್ಯಾಸ್ ಆಗಿ ಹೋಗುತ್ತದೆ. ನೂರು ಎಂಎಲ್‌ನಲ್ಲಿ ಒಂದು ಗ್ರಾಂ ಸಕ್ಕರೆ ಹೋದರೂ ಶೇಕಡಾ ಅರ್ಧ ದಾಟಿಬಿಡುತ್ತದೆ. ನಮ್ಮ ದೇಶದ ಆಹಾರ ನಿಯಮದಲ್ಲಿ ಶೇ. 0.5ಕ್ಕಿಂತ ಜಾಸ್ತಿ ಆಲ್ಕೋಹಾಲ್ ಇದ್ದರೆ ಅದು ಮದ್ಯದ ಲೆಕ್ಕ. ಅಂದರೆ ಬ್ರಿಕ್ಸ್ ಮುಳ್ಳು ಒಂದು ಗೆರೆ ಇಳಿಯುವ ಹೊತ್ತಿಗೇ ನೀರಾ ನೀರಾ ಆಗಿ ಉಳಿದಿರುವುದಿಲ್ಲ.

ಅದರ ಮೇಲೆ ಆ ಉಪಕರಣ ಸುಳ್ಳನ್ನೂ ಹೇಳುತ್ತದೆ. ಅದು ಸಕ್ಕರೆಯನ್ನ ಅಳೆಯಲ್ಲ, ಬೆಳಕು ಎಷ್ಟು ಬಾಗುತ್ತೆ ಅನ್ನೋದನ್ನ ಅಳೆಯುತ್ತದೆ. ಆಲ್ಕೋಹಾಲ್ ಕೂಡ ಬೆಳಕನ್ನ ನೀರಿಗಿಂತ ಜಾಸ್ತಿ ಬಾಗಿಸುತ್ತದೆ. ಹಾಗಾಗಿ ಸಕ್ಕರೆ ಖಾಲಿಯಾದ ಜಾಗವನ್ನ ಆಲ್ಕೋಹಾಲ್ ಒಂದಿಷ್ಟು ತುಂಬಿಕೊಟ್ಟು, 13 ಅಂತ ತೋರಿಸಿತು. ನಿಜವಾದ ಸಕ್ಕರೆ ಅದಕ್ಕಿಂತ ಕೆಳಗೇ ಇತ್ತು. ನನ್ನ ತಲೆಯಲ್ಲಿದ್ದ ಲೆಕ್ಕ ಶೇ. ಒಂದು ಚಿಲ್ಲರೆ. ಆಮೇಲೆ ಲ್ಯಾಬಿನಲ್ಲಿರುವ ಗೆಳೆಯನ ಕೈಕಾಲು ಹಿಡಿದು ಭಟ್ಟಿ ಇಳಿಸಿ ನೋಡಿಸಿದಾಗ ಬಂದದ್ದು 1.8. ನಾಲಿಗೆಯಂತೂ ಇನ್ನೂ ಮೋಸ. ಹತ್ತಕ್ಕಿಂತ ಮೇಲೆ ಸಕ್ಕರೆ ಇರುವಾಗ ಅದಕ್ಕೆ ಎಲ್ಲವೂ ಸಿಹಿಯೇ.

ಹುಳಿ ಅಳೆಯುವ ಪಿಎಚ್ ಪಟ್ಟಿ ಬಳಸಿದ್ದರೆ ಅದು ಬೇಗ ಹೇಳಿಬಿಡುತ್ತಿತ್ತು. ಐಸಿನಲ್ಲಿ ಇಳಿಸಿದ ಒಳ್ಳೇ ಮಾಲು ಏಳರ ಆಸುಪಾಸು ಇರುತ್ತದೆ. ಆರಕ್ಕೆ ಬಂದರೆ ಅನುಮಾನ ಪಡಬೇಕು. ಐದಕ್ಕೆ ಇಳಿದಿದ್ದರೆ ಮಾತೇ ಇಲ್ಲ. ಪಟ್ಟಿ ಡಬ್ಬಿಯೇನೋ ನನ್ನ ಡ್ರಾಯರಿನಲ್ಲೇ ಇತ್ತು. ಸೀಲ್ ಕೂಡ ಒಡೆದಿರಲಿಲ್ಲ.

ಒಂದೂ ಇಪ್ಪತ್ತಕ್ಕೆ ನಮ್ಮ ರೆಗ್ಯುಲರ್ ಗಿರಾಕಿ ಬಂದ. ಸ್ಕೂಲ್ ವ್ಯಾನ್ ಓಡಿಸುತ್ತಾನೆ. 300 ಎಂಎಲ್‌ನ ಎರಡು ಗ್ಲಾಸ್ ನಿಂತಲ್ಲೇ ಕುಡಿದ. 'ಇವತ್ತ ಭಾರೀ ಐತಿ ಅಣ್ಣಾರ' ಅಂದ. ಅರ್ಧ ಲೀಟರಿನ ಎರಡು ಬಾಟಲಿ ಕಟ್ಟಿಸಿಕೊಂಡು ಹೋದ. ಭಾರೀ ಐತಿ ಅಂತ ಅವನು ಅಂದಾಗ ನನಗೆ ಖುಷಿಯಾಗಿತ್ತು. ಈಗ ನೆನೆದರೆ ಮೈ ಉರಿಯುತ್ತದೆ.

ಒಂದೂ ನಲವತ್ತಕ್ಕೆ ಕೌಂಟರಿನ ಮೇಲಿದ್ದ ಬಾಟಲಿಯೊಂದರ ಮುಚ್ಚಳ ಫಟ್ ಅಂತ ಹಾರಿ ಟ್ಯೂಬ್‌ಲೈಟಿಗೆ ಬಡಿಯಿತು. ಉಳಿದ ಬಾಟಲಿಗಳನ್ನ ಒತ್ತಿ ನೋಡಿದೆ, ಕಲ್ಲಿನಂತೆ ಬಿಗಿದಿದ್ದವು. ಆಗ ಹೊಳೆಯಿತು: ಮೂರು ಗಂಟೆಗೆ ಶಾಲೆ ಬಿಡುತ್ತದೆ. ಬಾಟಲಿ ಎರಡೂ ಬಿಸಿಲಲ್ಲಿ ನಿಂತ ವ್ಯಾನಿನಲ್ಲಿವೆ, ಡ್ರೈವರ್ ಹೊಟ್ಟೆಯಲ್ಲಿ ಆರುನೂರು ಎಂಎಲ್ ಇದೆ.

ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಡಿಸ್ಪೆನ್ಸರಿನ ನಳ ಬಂದ್ ಮಾಡಿ, ಸಾಲಲ್ಲಿದ್ದ ಇಬ್ಬರಿಗೆ 'ಖಾಲಿ ಆಗಿದೆ' ಅಂದೆ. ಗಾಜಿನ ಡಿಸ್ಪೆನ್ಸರಿನಲ್ಲಿ ಅರ್ಧಕ್ಕಿಂತ ಜಾಸ್ತಿ ಇರುವುದು ಅವರಿಗೆ ಕಾಣುತ್ತಲೇ ಇತ್ತು. ಕೈಯಲ್ಲಿ ಫೋನ್, ಇನ್ನೊಂದು ಕೈಯಲ್ಲಿ ಬಿಲ್ಲಿನ ಹಿಂಭಾಗದಲ್ಲಿ ಲೆಕ್ಕ. 600 ಎಂಎಲ್‌ಗೆ ಶೇ. ಎರಡು ಅಂತಲೇ ಹಿಡಿದರೆ 12 ಎಂಎಲ್ ಆಲ್ಕೋಹಾಲ್. 30 ಎಂಎಲ್‌ನ ಒಂದು ಪೆಗ್ ವಿಸ್ಕಿಯಲ್ಲಿ ಇರೋದು ಹೆಚ್ಚುಕಡಿಮೆ 13. ಅಂದರೆ ಮಧ್ಯಾಹ್ನ ಒಂದು ಗಂಟೆಗೆ, ಅವನಿಗೇ ಗೊತ್ತಿಲ್ಲದಂತೆ ನಾನು ಒಂದು ಪೆಗ್ ಕುಡಿಸಿದ್ದೆ. 70 ಕಿಲೋ ತೂಕದ ಗಂಡಸಿಗೆ ಅಷ್ಟರಿಂದ 100 ಎಂಎಲ್ ರಕ್ತದಲ್ಲಿ 20 ಮಿಲಿಗ್ರಾಂ ಆಸುಪಾಸು ಬರಬಹುದು. ಕಾನೂನಿನ ಮಿತಿ 30. ಮಿತಿಯೊಳಗೇ ಇದೆ ಅಂತ ಕ್ಷಣ ಉಸಿರು ಬಿಟ್ಟೆ. ಆಮೇಲೆ ನೆನಪಾಯಿತು, ಅವನು ಸಣಕಲ, ಊಟ ಮಾಡಿರಲಿಲ್ಲ, ಮತ್ತೆ ಆ ಎರಡು ಬಾಟಲಿಯಲ್ಲಿ ಒಂದನ್ನ ಕುಡಿದಿದ್ದರೆ? ಮಕ್ಕಳ ಗಾಡಿಗೆ 20 ಆದರೇನು, 30 ಆದರೇನು.

ಐದನೇ ಸಲಕ್ಕೆ, ಎರಡೂ ಇಪ್ಪತ್ತಕ್ಕೆ, ಫೋನ್ ಎತ್ತಿದ. ಊಟಕ್ಕೆ ಮನೆಗೆ ಹೋಗಿದ್ದ. ಬಾಟಲಿ ಒಡೆದಿರಲಿಲ್ಲ. ನೆರಳಿಗೆ ಒಯ್ದು, ಮುಖ ಆ ಕಡೆ ತಿರುಗಿಸಿ, ಮುಚ್ಚಳ ಸ್ವಲ್ಪಸ್ವಲ್ಪವೇ ಸಡಿಲಿಸಿ ಚೆಲ್ಲು ಅಂದೆ. ನಿಜ ಏನಂತ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಆ ದಿನದ ಟ್ರಿಪ್ಪಿಗೆ ತನ್ನ ಅಣ್ಣನನ್ನ ಕಳಿಸಿದ. ಅಣ್ಣನಿಗೂ ಲೈಸೆನ್ಸ್ ಇತ್ತು ಅನ್ನೋದು ನನ್ನ ಪುಣ್ಯ.

ಬಾಟಲಿ ಯಾಕೆ ಹಾಗೆ ಬಿಗಿಯುತ್ತೆ ಅಂದರೆ, ಅರ್ಧ ಲೀಟರಿನಲ್ಲಿ ಬರೀ ಐದು ಗ್ರಾಂ ಸಕ್ಕರೆ ಹುದುಗಿದರೂ ಒಂದೂಕಾಲು ಲೀಟರಿಗಿಂತ ಜಾಸ್ತಿ ಗ್ಯಾಸ್ ಹುಟ್ಟುತ್ತದೆ. ಅದಕ್ಕೆ ಹೋಗಲು ಜಾಗ ಬೇಕಲ್ಲ. ಪ್ಲಾಸ್ಟಿಕ್ ಉಬ್ಬಿ ಎಚ್ಚರಿಕೆ ಕೊಡುತ್ತದೆ. ಗಾಜು ಕೊಡಲ್ಲ. 'ಗಾಜಿನ ಬಾಟಲಿ ಪ್ರೀಮಿಯಂ ಕಾಣುತ್ತೆ' ಅಂತ ಮೇಲಿನವರು ಹೇಳಿದ ದಿನ ನಾನು ಒಪ್ಪಿಕೊಂಡಿದ್ದರೆ ಈ ಬರಹದ ಧಾಟಿಯೇ ಬೇರೆ ಇರುತ್ತಿತ್ತು.

ಪಾರ್ಸಲ್ ಕೇಳುವವರಿಗೆ ಈಗ ಥರ್ಮಾಕೋಲ್ ಡಬ್ಬಿ, ಐಸ್ ಇದ್ದರೆ ಮಾತ್ರ ಕೊಡುತ್ತೇನೆ, ಮನೆಗೆ ಹೋದ ತಕ್ಷಣ ಕುಡಿದು ಮುಗಿಸಿ ಅನ್ನುತ್ತೇನೆ. ನಾಳೆಗೆ ಇಡಬೇಕು ಅಂದರೆ ಫ್ರಿಜ್ಜಲ್ಲ, ಫ್ರೀಜರ್. ಅದೂ ಬಾಟಲಿಯ ಕತ್ತಿನವರೆಗೆ ತುಂಬದೆ. ಬುರುಗು ಬಂದದ್ದನ್ನ ಮಕ್ಕಳಿಗೆ, ಬಸುರಿಯರಿಗೆ, ಗಾಡಿ ಹಿಡಿಯುವವರಿಗೆ ಕೊಡಬೇಡಿ. ಕುದಿಸಿದರೆ ಆಗಲ್ವಾ ಅಂತ ಕೆಲವರು ಕೇಳ್ತಾರೆ. ಕುದಿಸಿದರೆ ಮುಂದೆ ಹುದುಗೋದು ನಿಲ್ಲುತ್ತೆ, ಆಗಿಹೋದ ಹುಳಿ ವಾಪಸ್ ಸಿಹಿಯಾಗಲ್ಲ.

ಕೆಲವರು ನೇರವಾಗಿ ಕೇಳ್ತಾರೆ, 'ಸಂಜಿಗೆ ಎಷ್ಟು ಏರತೈತ್ರಿ?' ಹುಳಿ ಬಂದ ಹೆಂಡಕ್ಕೆ ಒಂದೇ ನಂಬರ್ ಇಲ್ಲ ಅನ್ನೋದೇ ಅದರ ತೊಂದರೆ. ಬೆಳಿಗ್ಗೆ ಸೊನ್ನೆ ಇದ್ದದ್ದು ಸಂಜೆಗೆ ಶೇ. ಐದು ದಾಟಬಹುದು. ಐದರ ಅರ್ಧ ಲೀಟರ್ ಕುಡಿದರೆ 60 ಎಂಎಲ್‌ನ ದೊಡ್ಡ ಪೆಗ್ಗಿನಷ್ಟು. ಮರುದಿನದ ಹೊತ್ತಿಗೆ ಆಲ್ಕೋಹಾಲ್ ವಿನೆಗರ್ ಆಗತೊಡಗುತ್ತದೆ. ಹಿಂದಿನವರು ಗಂಟೆ ನೋಡಿ ಕುಡಿಯುತ್ತಿದ್ದರು, ಗ್ಲಾಸ್ ಲೆಕ್ಕ ಹಾಕಿ ಅಲ್ಲ, ಅಂತಾರೆ ಕಾಕಾ.

ಆ ದಿನ ಚರಂಡಿಗೆ ಸುರಿದದ್ದು 14 ಲೀಟರ್. ಹಾಳೆಯ ಮೂರನೇ ಕಾಲಮ್ಮಿನಲ್ಲಿ ಬರೆದು, ಕಾರಣದ ಜಾಗದಲ್ಲಿ 'ನಿನ್ನೆಯ 4 ಲೀಟರ್ ಬೆರೆಸಿದ್ದರಿಂದ' ಅಂತ ಹಾಕಿದೆ. ಬೆಳಿಗ್ಗೆ ಫೋನ್ ಬಂತು. ಅವರು ಕೇಳಿದ್ದು ಒಂದೇ: ಕಾರಣದ ಜಾಗದಲ್ಲಿ 'ಕರೆಂಟ್' ಅಂತ ಬರೆಯೋಕೆ ಆಗಲ್ವಾ?

ವ್ಯಾನಿನವನು ಮೂರು ದಿನ ಬರಲಿಲ್ಲ. ನಾಲ್ಕನೇ ದಿನ ಬಂದು ಕೌಂಟರಿಗೆ ಮೊಣಕೈ ಊರಿ ನಿಂತ. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವನು ಸುತ್ತ ನೋಡಿ ದನಿ ತಗ್ಗಿಸಿದ.

'ಅಣ್ಣಾರ, ಇವತ್ತ ನನಗ ರಜಾ. ಅವತ್ತಿಂದು ಐತೇನ್ರಿ?'